ರಾಗಿ ತೆನೆ ಗೋಧಿಯಾಗದಂತೆ: ಚಿತ್ರ ರಚಿಸುವ ತಂತ್ರಾಂಶಗಳಿಂದ ಒಂದೇ ಶೈಲಿಯ ಪುಸ್ತಕಚಿತ್ರಗಳನ್ನು ಪಡೆಯುವ ಮತ್ತು ಪರೀಕ್ಷಿಸುವ ಕ್ರಮ

ಮಕ್ಕಳಿಗಾಗಿ ರಾಗಿಯ ಬಗ್ಗೆ ಒಂದು ಕಿರುಪುಸ್ತಕವನ್ನು ಸಿದ್ಧಪಡಿಸುವಾಗ ನಾನು ಕಂಡುಕೊಂಡ ಕೆಲಸದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಪುಸ್ತಕ ಎ5 ಅಳತೆಯದು, 16 ಪುಟಗಳದ್ದು, ಅದರಲ್ಲಿ ಎಂಟು ಚಿತ್ರಗಳು. ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಜೊತೆಗಿದ್ದು ಉಳುಮೆ, ಕೂರಿಗೆ ಬಿತ್ತನೆ, ಕಳೆ ತೆಗೆಯುವುದು, ತೆನೆ ಬಂದ ಹೊಲ, ಕೊಯ್ಲು, ಕಣ, ಬೀಸುವ ಕಲ್ಲು ಮತ್ತು ಕೊನೆಗೆ ಮುದ್ದೆ ಕಟ್ಟುವುದು, ಇವನ್ನೆಲ್ಲ ನೋಡುತ್ತಾಳೆ. ಚಿತ್ರಕಾರರಿಗೆ ಕೊಡುವಷ್ಟು ಹಣ ಇರಲಿಲ್ಲವಾದ್ದರಿಂದ, ಮಾತಿನಲ್ಲಿ ಬರೆದುಕೊಟ್ಟರೆ ಚಿತ್ರ ರಚಿಸುವ ತಂತ್ರಾಂಶಗಳನ್ನು ಬಳಸಬೇಕಾಯಿತು.

ಮೊದಲ ದಿನ ಎಂಟು ದೃಶ್ಯಗಳನ್ನು ಒಂದೊಂದಾಗಿ ಬರೆದು ಕೊಟ್ಟಾಗ ಎಂಟೂ ಚಿತ್ರಗಳು ಎಂಟು ಬೇರೆ ಕೈಗಳಿಂದ ಬಂದಂತಿದ್ದವು. ಒಂದರಲ್ಲಿ ಜಲವರ್ಣ, ಇನ್ನೊಂದರಲ್ಲಿ ಸಿನಿಮಾದಂತಹ ಬೆಳಕು, ಮತ್ತೊಂದರಲ್ಲಿ ಅಜ್ಜಿಗೆ ರಾಜಸ್ಥಾನದ ಘಾಗ್ರಾ. ರಾಗಿ ಹೊಲ ಎಂದು ಕೇಳಿದಲ್ಲೆಲ್ಲ ಹೊಂಬಣ್ಣದ ಗೋಧಿ ತೂಗುತ್ತಿತ್ತು. ಶೈಲಿಯನ್ನು ಒಂದಾಗಿಸುವುದನ್ನು ಒಂದು ವಾರದಲ್ಲಿ ಕಲಿತೆ. ಆದರೆ ಗೋಧಿಯ ತೊಂದರೆ ಆಮೇಲೆ ಹೆಚ್ಚೇ ಆಯಿತು. ಎಂಟೂ ಚಿತ್ರಗಳು ಒಂದೇ ಕುಂಚದಿಂದ ಬಂದಂತೆ ಕಾಣತೊಡಗಿದ ಮೇಲೆ ಅವುಗಳಿಗೆ ಅಚ್ಚಾದ ಪುಸ್ತಕದ ಗಾಂಭೀರ್ಯ ಬಂದುಬಿಡುತ್ತದೆ, ಕಣ್ಣು ಅವನ್ನು ನಂಬಿಬಿಡುತ್ತದೆ, ಒಳಗಿರುವ ತಪ್ಪು ಕಾಣದೇ ಹೋಗುತ್ತದೆ. ಹೀಗಾಗಿ ಶೈಲಿಯ ಕೆಲಸವನ್ನೂ ಪರೀಕ್ಷೆಯ ಕೆಲಸವನ್ನೂ ಬೇರೆ ಬೇರೆ ಇಡದೆ, ಮೊದಲ ಹೆಜ್ಜೆಯಿಂದಲೇ ಒಟ್ಟಿಗೆ ನಡೆಸಬೇಕು.

ಮೊದಲು ನಿಜವಾದ ವಸ್ತುಗಳ ಫೋಟೋಗಳನ್ನು ಕೂಡಿಸಿಕೊಳ್ಳಿ

ತಂತ್ರಾಂಶವನ್ನು ತೆರೆಯುವ ಮೊದಲು ಚಿತ್ರದಲ್ಲಿ ಬರಲಿರುವ ವಸ್ತುಗಳ ಪಟ್ಟಿಯನ್ನು ಬರೆದು, ಪ್ರತಿಯೊಂದಕ್ಕೂ ಎರಡು ಮೂರು ಫೋಟೋಗಳನ್ನು ಸಾಧ್ಯವಾದರೆ ನೀವೇ ತೆಗೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ರಾಗಿ ತೆನೆ, ಕೂರಿಗೆ, ನೊಗ, ಹಳ್ಳಿಕಾರ್ ಎತ್ತು, ಕುಡುಗೋಲು, ರೋಣಗಲ್ಲು, ಮೊರ, ಬೀಸುವ ಕಲ್ಲು, ಮುದ್ದೆ ಕೋಲು ಇದ್ದವು. ಪ್ರತಿಯೊಂದು ಫೋಟೋದ ಕೆಳಗೆ ಆ ವಸ್ತುವನ್ನು ಗುರುತಿಸುವ ಲಕ್ಷಣವನ್ನು ಒಂದೆರಡು ವಾಕ್ಯದಲ್ಲಿ ಬರೆದಿಟ್ಟೆ. ಉದಾಹರಣೆಗೆ, ರಾಗಿಯ ತೆನೆಯಲ್ಲಿ ನಾಲ್ಕಾರು ಗಿಡ್ಡ ದಪ್ಪ ಎಳೆಗಳು ದಂಟಿನ ತುದಿಯ ಒಂದೇ ಜಾಗದಿಂದ ಹೊರಟು ಒಳಮುಖವಾಗಿ ಬಾಗಿರುತ್ತವೆ. ಕೆಲವು ತಳಿಗಳಲ್ಲಿ ಅವು ಮುಷ್ಟಿಯಂತೆ ಮುಚ್ಚಿಯೇ ಇರುತ್ತವೆ. ಗೋಧಿಗಿರುವಂತೆ ಉದ್ದನೆಯ ಮೀಸೆ ಇದಕ್ಕೆ ಇರುವುದಿಲ್ಲ. ಹಳ್ಳಿಕಾರ್ ಎತ್ತಿಗೆ ಎದ್ದು ಕಾಣುವ ಹಿಣಿಲು ಇದೆ, ಕೊಂಬುಗಳು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಸಾಗುತ್ತವೆ, ನೊಗವು ಹಿಣಿಲಿನ ಮುಂದೆ ಕತ್ತಿನ ಮೇಲೆ ಕೂರುತ್ತದೆ.

ಈ ಟಿಪ್ಪಣಿಗಳು ಎರಡು ಕೆಲಸಕ್ಕೆ ಬರುತ್ತವೆ. ಚಿತ್ರವನ್ನು ಕೇಳುವಾಗ ಇವೇ ವರ್ಣನೆಯ ಮಾತುಗಳಾಗುತ್ತವೆ, ಪರೀಕ್ಷಿಸುವಾಗ ಇವೇ ಅಳತೆಗೋಲಾಗುತ್ತವೆ. ತಂತ್ರಾಂಶವು ತಾನು ಕಲಿತ ಚಿತ್ರಗಳಲ್ಲಿ ಹೆಚ್ಚು ಕಂಡಿದ್ದನ್ನೇ ಕೊಡುತ್ತದೆ. ಹೊಲ ಎಂದರೆ ಅದಕ್ಕೆ ಗೋಧಿ, ಎತ್ತು ಎಂದರೆ ಹಿಣಿಲಿಲ್ಲದ ಯುರೋಪಿನ ಎತ್ತು, ಹಳ್ಳಿಯ ಹೆಂಗಸು ಎಂದರೆ ಮೈತುಂಬ ಬೆಳ್ಳಿಯ ಒಡವೆ. ಅದು ಎಲ್ಲಿ ಜಾರುತ್ತದೆ ಎಂಬುದನ್ನು ಮೊದಲೇ ಊಹಿಸಿಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ.

ಶೈಲಿಯನ್ನು ಸಾಮಗ್ರಿಯ ಮಾತಿನಲ್ಲಿ ಬರೆಯಿರಿ

ಪ್ರಾಂಪ್ಟ್ ಎಂದು ಕರೆಯುವ ಕೋರಿಕೆಯ ಮಾತುಗಳನ್ನು ಎರಡು ಭಾಗ ಮಾಡಿಕೊಳ್ಳಿ: ಒಂದು ಎಂಟೂ ಚಿತ್ರಗಳಿಗೆ ಅಕ್ಷರವೂ ಬದಲಾಗದ ಸ್ಥಿರ ಭಾಗ, ಇನ್ನೊಂದು ಪ್ರತಿ ಪುಟಕ್ಕೆ ಬದಲಾಗುವ ದೃಶ್ಯದ ಭಾಗ. ಸ್ಥಿರ ಭಾಗದಲ್ಲಿ ‘ಸುಂದರ’, ‘ಮನಮೋಹಕ’ ಎಂಬಂತಹ ಮಾತುಗಳಿಂದ ಪ್ರಯೋಜನವಿಲ್ಲ, ಏಕೆಂದರೆ ಪ್ರತಿ ಸಲವೂ ಅವುಗಳಿಗೆ ಬೇರೆ ಅರ್ಥ ಹುಟ್ಟುತ್ತದೆ. ಬದುಕಿರುವ ಚಿತ್ರಕಾರರ ಹೆಸರನ್ನು ಬರೆದು ಅವರ ಕೈಯನ್ನು ಅನುಕರಿಸಲು ಕೇಳುವುದು ಅವರ ಅನ್ನಕ್ಕೆ ಕೈಹಾಕಿದಂತೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಅದನ್ನು ಮಾಡಬೇಡಿ. ಬಣ್ಣ ಯಾವ ಬಗೆಯದು, ಗೆರೆ ಎಷ್ಟು ದಪ್ಪ, ಕಾಗದ ಎಂಥದು, ಬೆಳಕು ಯಾವ ಕಡೆಯಿಂದ ಬರುತ್ತದೆ, ಎಷ್ಟು ಬಣ್ಣಗಳು ಎಂಬುದನ್ನು ಮಾತ್ರ ಹೇಳಿ. ಈ ತಂತ್ರಾಂಶಗಳು ಹೆಚ್ಚಾಗಿ ಇಂಗ್ಲಿಷ್ ವಿವರಣೆಗಳಿಂದ ಕಲಿತಿರುವ ಕಾರಣ ನಾನು ಇಂಗ್ಲಿಷಿನಲ್ಲೇ ಬರೆದೆ. ನನ್ನ ಸ್ಥಿರ ಭಾಗ ಹೀಗಿತ್ತು:

```
flat gouache children's book illustration, matte paper grain,
even dark brown pencil outline, soft light from the left,
limited palette of reddish brown, leaf green, mustard and cream
```

ದೃಶ್ಯದ ಭಾಗವನ್ನು ಬರೆಯುವಾಗ ವಸ್ತುವಿನ ಹೆಸರನ್ನು ನಂಬದೆ ಅದರ ಆಕಾರವನ್ನು ಹೇಳಬೇಕು. ರಾಗಿಯ ಇಂಗ್ಲಿಷ್ ಹೆಸರು ಕೊಟ್ಟಾಗ ಗೋಧಿಯೇ ಬಂತು. ತೆನೆಯು ಅರ್ಧ ತೆರೆದ ಕೈಯಂತೆ ಇರುತ್ತದೆ ಎಂದು ಬರೆದಾಗ ದಂಟಿನ ತುದಿಯಲ್ಲಿ ನಿಜವಾದ ಬೆರಳುಗಳೇ ಮೂಡಿದವು, ಒಂದಕ್ಕಂತೂ ಉಗುರೂ ಇತ್ತು. ಉಪಮೆಗಳನ್ನು ತಂತ್ರಾಂಶ ವಸ್ತುವೆಂದೇ ತಿಳಿಯುತ್ತದೆ ಎಂಬುದು ಆಗ ಗೊತ್ತಾಯಿತು. ಉಪಮೆಯನ್ನು ಬಿಟ್ಟು ಬರೆದ ಈ ಸಾಲುಗಳು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು:

```
an old South Indian woman and a girl of nine cut a dry brown crop;
each stalk ends in five short thick curved spikes from one point;
small curved sickle in the woman's right hand
```

ಬೇಡದ್ದನ್ನು ಹೇಳುವಾಗಲೂ ಇಂಥದೇ ಎಚ್ಚರಿಕೆ ಬೇಕು. ಅಕ್ಷರ ಬೇಡ, ಒಡವೆ ಬೇಡ ಎಂದು ಕೋರಿಕೆಯ ಮಾತಿನಲ್ಲೇ ಬರೆದರೆ ಅನೇಕ ತಂತ್ರಾಂಶಗಳು ‘ಬೇಡ’ವನ್ನು ಮರೆತು ಒಡವೆಯನ್ನು ನೆನಪಿಟ್ಟುಕೊಳ್ಳುತ್ತವೆ. ಸ್ಟೇಬಲ್ ಡಿಫ್ಯೂಷನ್‌ನಂಥವುಗಳಲ್ಲಿ ಇದಕ್ಕಾಗಿಯೇ `Negative prompt` ಎಂಬ ಪ್ರತ್ಯೇಕ ಜಾಗವಿದೆ, ಮಿಡ್‌ಜರ್ನಿಯಲ್ಲಿ `--no` ಎಂಬ ಗುರುತಿದೆ. ಅವು ಇಲ್ಲದ ಕಡೆ ಬೇಕಾದದ್ದನ್ನೇ ಹೇಳಿ: ಏನೂ ಬರೆಯದ ಗೋಣಿಚೀಲ, ಬರಿಗೋಡೆ, ಕತ್ತಿನಲ್ಲಿ ಕರಿಮಣಿ ಸರ ಮಾತ್ರ.

ಆಧಾರ ಚಿತ್ರವೊಂದನ್ನು ಗೊತ್ತುಮಾಡಿ, ಅದನ್ನೇ ಅತಿ ಕಠಿಣವಾಗಿ ಪರೀಕ್ಷಿಸಿ

ಒಂದೇ ಮಾತುಗಳನ್ನು ಕೊಟ್ಟರೂ ಪ್ರತಿ ಸಲ ಬೇರೆ ಚಿತ್ರ ಬರುವುದಕ್ಕೆ ಕಾರಣವಿದೆ. ಇವುಗಳಲ್ಲಿ ಹೆಚ್ಚಿನವು ಬರೀ ಚುಕ್ಕೆಗಳ ಗೊಂದಲದಿಂದ ಆರಂಭಿಸಿ ಅದನ್ನು ಹಂತ ಹಂತವಾಗಿ ತಿಳಿಗೊಳಿಸುತ್ತಾ ಚಿತ್ರವನ್ನು ತೆಗೆಯುತ್ತವೆ. ಆರಂಭದ ಗೊಂದಲವನ್ನು ನಿರ್ಧರಿಸುವ ಸಂಖ್ಯೆಗೆ ಸೀಡ್ ಎನ್ನುತ್ತಾರೆ. ಸೀಡನ್ನು ಸ್ಥಿರವಾಗಿಟ್ಟರೆ ಶೈಲಿಯೂ ಸ್ಥಿರವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಮಾತುಗಳೂ ಸೆಟ್ಟಿಂಗುಗಳೂ ಅವೇ ಇದ್ದಾಗ ಸೀಡ್ ಅದೇ ಚಿತ್ರವನ್ನು ಹೆಚ್ಚುಕಡಿಮೆ ಮರಳಿ ಕೊಡುತ್ತದೆ, ನಿಜ. ಆದರೆ ದೃಶ್ಯದ ಭಾಗ ಬದಲಾದ ಕೂಡಲೇ ಅದರ ಹಿಡಿತ ಸಡಿಲವಾಗುತ್ತದೆ. ಒಂದು ಚಿತ್ರದಲ್ಲಿ ಸಣ್ಣ ತಿದ್ದುಪಡಿ ಮಾಡುವಾಗ ಸೀಡ್ ಉಪಯುಕ್ತ, ಎಂಟು ದೃಶ್ಯಗಳನ್ನು ಒಂದು ದಾರದಲ್ಲಿ ಕಟ್ಟುವುದಕ್ಕೆ ಅದು ಸಾಲದು.

ಅದಕ್ಕೆ ಬೇಕಾದದ್ದು ಆಧಾರ ಚಿತ್ರ. ಸ್ಥಿರ ಭಾಗವನ್ನು ಬಳಸಿ, ಅಜ್ಜಿ ಮತ್ತು ಹುಡುಗಿ ಖಾಲಿ ಹಿನ್ನೆಲೆಯಲ್ಲಿ ನಿಂತಿರುವ ಚಿತ್ರವನ್ನು ಇಪ್ಪತ್ತು ಮೂವತ್ತು ಬಾರಿ ಕೇಳಿ, ಅದರಲ್ಲಿ ಒಂದನ್ನು ಆರಿಸಿ. ಮಿಡ್‌ಜರ್ನಿಯಲ್ಲಿ ಶೈಲಿಗಾಗಿ ಈ ಚಿತ್ರವನ್ನು `--sref` ಗುರುತಿನ ಜೊತೆ ಕೊಡಬಹುದು, ಅದರ ಪ್ರಭಾವವನ್ನು `--sw` ಎಂಬುದರಿಂದ 0ಯಿಂದ 1000ದವರೆಗೆ ಏರಿಳಿಸಬಹುದು. ಏನೂ ಹೇಳದಿದ್ದರೆ ಅದು 100. ಪಾತ್ರದ ಮುಖಕ್ಕಾಗಿ ಏಳನೆಯ ಆವೃತ್ತಿಯಲ್ಲಿ `--oref` ಇದೆ. ಈ ಗುರುತುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಆದ್ದರಿಂದ ಪುಸ್ತಕ ಮುಗಿಯುವವರೆಗೆ ಒಂದೇ ಆವೃತ್ತಿಯಲ್ಲಿ ಉಳಿಯಿರಿ. ಸ್ವಂತ ಕಂಪ್ಯೂಟರಿನಲ್ಲಿ ನಡೆಸುವವರು ಇಪ್ಪತ್ತರಷ್ಟು ಚಿತ್ರಗಳಿಂದ ಲೋರಾ ಎಂಬ ಸಣ್ಣ ಹೆಚ್ಚುವರಿ ಕಲಿಕೆಯನ್ನು ಮಾಡಿಸಬಹುದು. ಎಂಟು ಚಿತ್ರಗಳ ಪುಸ್ತಕಕ್ಕೆ ಅಷ್ಟು ಶ್ರಮ ಬೇಡ, ಸರಣಿಯಾದರೆ ಬೇಕಾಗಬಹುದು. ಮಾತುಕತೆಯ ರೂಪದಲ್ಲಿ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಆಧಾರ ಚಿತ್ರವನ್ನು ಅಪ್‌ಲೋಡ್ ಮಾಡಿ, ಇದೇ ಗೆರೆ, ಇದೇ ಬಣ್ಣ, ಇದೇ ಇಬ್ಬರು, ಆದರೆ ದೃಶ್ಯ ಇದು ಎಂದು ಕೇಳಬೇಕು.

ಆಧಾರ ಚಿತ್ರದ ಒಂದು ತಪ್ಪು ಎಂಟು ತಪ್ಪುಗಳಾಗುತ್ತದೆ ಎಂಬುದನ್ನು ಮರೆಯಬಾರದು. ನಾನು ಮೊದಲು ಆರಿಸಿದ ಚಿತ್ರದಲ್ಲಿ ಅಜ್ಜಿಯ ಮುಖ ಬಹಳ ಚೆನ್ನಾಗಿತ್ತು, ಗೆರೆಯೂ ಹಿತವಾಗಿತ್ತು. ಆ ಸಂತೋಷದಲ್ಲಿ ಅವಳ ಸೆರಗು ಬಲ ಹೆಗಲ ಮೇಲಿದ್ದದ್ದನ್ನು ನಾನು ಗಮನಿಸಲಿಲ್ಲ. ಐದು ಪುಟಗಳು ಮುಗಿದ ಮೇಲೆ ನನ್ನ ಅಕ್ಕ ಅದನ್ನು ತೋರಿಸಿದಳು. ಐದರಲ್ಲೂ ಸೆರಗು ಬಲಕ್ಕೇ ಇತ್ತು. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಸರಿಹೋಗುತ್ತದಲ್ಲ ಎಂದು ತಿರುಗಿಸಿದೆ. ಸೆರಗು ಎಡಕ್ಕೆ ಬಂತು, ಆದರೆ ಕುಡುಗೋಲು ಅಜ್ಜಿಯ ಎಡಗೈಗೆ ಹೋಯಿತು, ಬೆಳಕು ಬಲದಿಂದ ಬರತೊಡಗಿತು. ಐದನ್ನೂ ಕೈಬಿಟ್ಟು ಹೊಸ ಆಧಾರ ಚಿತ್ರದಿಂದ ಮತ್ತೆ ಆರಂಭಿಸಬೇಕಾಯಿತು. ಊಟದ ದೃಶ್ಯವನ್ನು ಹೀಗೆ ತಿರುಗಿಸಿದರೆ ಮಗು ಎಡಗೈಯಲ್ಲಿ ಮುದ್ದೆ ಮುರಿಯುತ್ತಿರುತ್ತದೆ, ಅದೂ ಬೇಗ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಆಧಾರ ಚಿತ್ರವನ್ನು ಒಪ್ಪುವ ಮೊದಲು ಅದನ್ನು ಎರಡು ಪಟ್ಟು ಹಿಗ್ಗಿಸಿ ತಲೆಯಿಂದ ಪಾದದವರೆಗೆ ನೋಡಿ, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಸೆರಗು ಎಡ ಹೆಗಲಿಗೆ, ಸೀರೆ ಸಾಸಿವೆ ಬಣ್ಣ, ಅಂಚು ಕಂದು, ಎರಡೂ ಕೈಗೆ ಎರಡೆರಡು ಬಳೆ, ಹುಡುಗಿಗೆ ಎರಡು ಜಡೆ, ಹಸಿರು ಲಂಗ, ಬರಿಗಾಲು, ಅಜ್ಜಿಯ ಭುಜದವರೆಗೆ ಎತ್ತರ, ಇಬ್ಬರ ಮೈಬಣ್ಣವೂ ಗಾಢ ಕಂದು. ಇದನ್ನು ನಾನು ಪಾತ್ರದ ಹಾಳೆ ಎಂದು ಕರೆಯುತ್ತೇನೆ. ಮೈಬಣ್ಣವನ್ನು ಬರೆದಿಡುವುದನ್ನು ಮರೆಯಬೇಡಿ, ಏಕೆಂದರೆ ಪುಟದಿಂದ ಪುಟಕ್ಕೆ ಹುಡುಗಿ ಬೆಳ್ಳಗಾಗುತ್ತಾ, ದೊಡ್ಡವಳಾಗುತ್ತಾ ಹೋಗುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ಜಾರುವಿಕೆ, ಹಾಗೂ ಅದನ್ನು ಓದುವ ಮಗುವಿಗೆ ಅದು ಸಣ್ಣ ವಿಷಯವಲ್ಲ.

ಪುಟಗಳನ್ನು ತೆಗೆಯುವಾಗ ಪ್ರತಿ ಸಲ ಮೂಲಕ್ಕೆ ಮರಳಿ

ಮೂರನೆಯ ಪುಟ ಚೆನ್ನಾಗಿ ಬಂದರೆ ಅದನ್ನೇ ಆಧಾರವಾಗಿಟ್ಟು ನಾಲ್ಕನೆಯದನ್ನು ಕೇಳುವ ಆಸೆಯಾಗುತ್ತದೆ. ಹಾಗೆ ಮಾಡಬಾರದು. ನಕಲಿನ ನಕಲನ್ನು ತೆಗೆದಾಗ ಜೆರಾಕ್ಸ್ ಮಸುಕಾಗುವಂತೆ ಇಲ್ಲಿಯೂ ಪ್ರತಿ ಹೆಜ್ಜೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಣ್ಣ ಹಳದಿಗೆ ವಾಲುತ್ತದೆ, ಗೆರೆ ದಪ್ಪವಾಗುತ್ತದೆ, ಮುಖ ಬೇರೆಯಾಗುತ್ತದೆ. ಪಕ್ಕದ ಎರಡು ಪುಟಗಳನ್ನು ಮಾತ್ರ ನೋಡಿದರೆ ವ್ಯತ್ಯಾಸ ತಿಳಿಯದು, ಮೊದಲನೆಯದನ್ನೂ ಎಂಟನೆಯದನ್ನೂ ಅಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ. ಮಾತುಕತೆಯ ತಂತ್ರಾಂಶದಲ್ಲಿ ಒಂದೇ ಚಿತ್ರವನ್ನು ‘ಇದನ್ನು ಸ್ವಲ್ಪ ಬದಲಿಸು’ ಎಂದು ನಾಲ್ಕೈದು ಬಾರಿ ಕೇಳಿದರೂ ಹೀಗೆಯೇ ಆಗುತ್ತದೆ, ಏಕೆಂದರೆ ಅನೇಕ ಬಾರಿ ಅದು ಕೇಳಿದ ಭಾಗವನ್ನಷ್ಟೇ ಅಲ್ಲದೆ ಇಡೀ ಚಿತ್ರವನ್ನೇ ಮತ್ತೆ ಬರೆಯುತ್ತದೆ. ಪ್ರತಿ ಪುಟಕ್ಕೂ ಹೊಸ ಮಾತುಕತೆಯನ್ನು ತೆರೆದು ಮೂಲ ಆಧಾರ ಚಿತ್ರವನ್ನೇ ಕೊಡುವುದು ಇದಕ್ಕೆ ಮದ್ದು.

ಜೊತೆಗೆ ಒಂದು ದಾಖಲೆ ಪುಸ್ತಕವಿರಲಿ. ಪ್ರತಿ ಚಿತ್ರಕ್ಕೆ ಪುಟಸಂಖ್ಯೆ, ದಿನಾಂಕ, ತಂತ್ರಾಂಶ ಮತ್ತು ಅದರ ಆವೃತ್ತಿ, ಪೂರ್ತಿ ಕೋರಿಕೆಯ ಮಾತು, ಸೀಡ್ ಕಾಣುವುದಾದರೆ ಅದು, ಆಮೇಲೆ ಕೈಯಿಂದ ಮಾಡಿದ ತಿದ್ದುಪಡಿ, ಇವನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆಯಿರಿ. ಕಡತಗಳ ಹೆಸರು `p05_koylu_v3.png` ಎಂಬ ಬಗೆಯಲ್ಲಿದ್ದರೆ ಯಾವುದು ಕೊನೆಯದು ಎಂಬ ಗೊಂದಲ ಹುಟ್ಟುವುದಿಲ್ಲ.

ತಂತ್ರಾಂಶಕ್ಕೆ ಗೊತ್ತಿಲ್ಲದ ವಸ್ತುವನ್ನು ನೀವೇ ಬರೆದುಕೊಡಿ

ಕೂರಿಗೆಯಲ್ಲಿ ನಾನು ಸೋತೆ. ಮೇಲೆ ಬೀಜ ಹಾಕುವ ಬಟ್ಟಲು, ಅದರಿಂದ ಒಂದೊಂದು ತಾಳಿಗೆ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ಮಣ್ಣನ್ನು ಸೀಳುವ ಮೊನೆಗಳು, ಹಿಂದೆ ನಡೆಯುತ್ತಾ ಬಟ್ಟಲಿಗೆ ಬೀಜ ಬಿಡುವ ಹೆಂಗಸಿನ ಕೈ. ಇದನ್ನು ಎಷ್ಟು ಬಗೆಯಲ್ಲಿ ವಿವರಿಸಿದರೂ ಒಮ್ಮೆ ಕೊಳಲುಗಳ ಕಟ್ಟು, ಒಮ್ಮೆ ಗಾಡಿ, ಒಮ್ಮೆ ನೀರಾವರಿಯ ಪೈಪು ಬಂದವು. ಇಪ್ಪತ್ತು ಪ್ರಯತ್ನಗಳಲ್ಲಿ ವಸ್ತು ಸರಿಯಾಗಿ ಬಾರದಿದ್ದರೆ ಮಾತಿನಿಂದ ಅದು ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ನೂರು ಬಾರಿ ಕೇಳಿದರೆ ಸರಿಯಾದದ್ದು ಬರುವುದಕ್ಕಿಂತ ನಿಮ್ಮ ಕಣ್ಣು ಸೋತು ತಪ್ಪನ್ನು ಒಪ್ಪುವ ಸಂಭವವೇ ಹೆಚ್ಚು.

ಆಗ ಫೋಟೋವನ್ನು ಮುಂದಿಟ್ಟುಕೊಂಡು ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಗೆರೆಯಿಂದ ಕೂರಿಗೆಯ ರೇಖಾಚಿತ್ರವನ್ನು ಬರೆದೆ. ಚಿತ್ರಕಲೆ ಬರಬೇಕೆಂದಿಲ್ಲ, ಟ್ರೇಸಿಂಗ್ ಹಾಳೆಯನ್ನು ಫೋಟೋದ ಮೇಲಿಟ್ಟು ಎಳೆದರೂ ಆದೀತು. ಸ್ಟೇಬಲ್ ಡಿಫ್ಯೂಷನ್‌ ಬಳಸುವವರಿಗೆ ಕಂಟ್ರೋಲ್‌ನೆಟ್ ಎಂಬ ಸೌಲಭ್ಯ 2023ರಿಂದ ಇದೆ. ಅದು ನಿಮ್ಮ ಗೆರೆಗಳನ್ನು ಅಸ್ಥಿಪಂಜರದಂತೆ ಹಿಡಿದುಕೊಂಡು ಅದರ ಮೇಲೆ ಬಣ್ಣ ತುಂಬುತ್ತದೆ. ಮಾತುಕತೆಯ ತಂತ್ರಾಂಶಗಳಲ್ಲಿ ರೇಖಾಚಿತ್ರವನ್ನೂ ಆಧಾರ ಚಿತ್ರವನ್ನೂ ಒಟ್ಟಿಗೆ ಕೊಟ್ಟು, ಆಕಾರ ಮೊದಲನೆಯದರಿಂದ, ಬಣ್ಣ ಮತ್ತು ಗೆರೆ ಎರಡನೆಯದರಿಂದ ಎಂದು ಹೇಳಬೇಕು. ಆಮೇಲೂ ತಾಳುಗಳನ್ನು ಎಣಿಸಿ. ನಾನು ಬರೆದಿದ್ದು ನಾಲ್ಕು, ಮೊದಲ ಸಲ ಬಂದದ್ದು ಐದು.

ಪರೀಕ್ಷೆ: ವಸ್ತು, ಎಣಿಕೆ, ಸರಣಿ

ಪರೀಕ್ಷೆಯನ್ನು ಚಿತ್ರ ಮಾಡಿದ ದಿನವೇ ಮಾಡಬೇಡಿ, ಒಂದು ರಾತ್ರಿ ಕಳೆಯಲಿ. ಒಂದು ನೋಟದಲ್ಲಿ ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ಸಿಗದ ಕಾರಣ ನಾನು ಮೂರು ಸುತ್ತು ಮಾಡುತ್ತೇನೆ.

ಮೊದಲ ಸುತ್ತು ವಸ್ತುವಿನದು. ಆರಂಭದಲ್ಲಿ ಬರೆದಿಟ್ಟ ಫೋಟೋ ಟಿಪ್ಪಣಿಯನ್ನು ಪಕ್ಕದಲ್ಲಿಟ್ಟು, ಚಿತ್ರದಲ್ಲಿರುವ ಪ್ರತಿ ವಸ್ತುವನ್ನೂ ಅದರ ಜೊತೆ ಹೋಲಿಸುತ್ತೇನೆ. ಕಣದ ಚಿತ್ರದಲ್ಲಿ ರೋಣಗಲ್ಲಿಗೆ ಚಕ್ರ ಬಂದಿತ್ತೇ? ಬೀಸುವ ಕಲ್ಲಿನ ಗೂಟ ಮೇಲಿನ ಕಲ್ಲಿನ ಅಂಚಿನಲ್ಲಿದೆಯೇ, ನಡುವೆ ಬಂದಿದೆಯೇ? ನಡುವೆ ಇರಬೇಕಾದದ್ದು ಕಾಳು ಹಾಕುವ ಕುಳಿ. ಮುದ್ದೆಯ ಚಿತ್ರದಲ್ಲಿ ತಂತ್ರಾಂಶ ಮೊದಲು ಕೊಟ್ಟದ್ದು ಬಟ್ಟಲಿನಲ್ಲಿ ಚಮಚದೊಡನೆ ಗಂಜಿ, ಆಮೇಲೆ ಚಾಕೊಲೇಟ್ ಉಂಡೆಗಳ ರಾಶಿ. ತಟ್ಟೆಯಲ್ಲಿ ಒಂದೇ ಒಂದು, ಮಗುವಿನ ಮುಷ್ಟಿಗಿಂತ ದೊಡ್ಡದಾದ, ನುಣುಪಾದ, ಕಡುಗಂದು ಉಂಡೆ ಮತ್ತು ಪಕ್ಕದಲ್ಲಿ ಸೊಪ್ಪಿನ ಸಾರು ಎಂದು ವಿವರಿಸಿದ ಮೇಲೆ ಹತ್ತಿರ ಬಂತು.

ಈ ಸುತ್ತಿನಲ್ಲಿ ಬಲ್ಲವರ ಕಣ್ಣು ಬೇಕೇ ಬೇಕು. ತುಮಕೂರಿನ ಕಡೆಯ ನಮ್ಮ ಪರಿಚಯದ ರೈತ ಮಹಿಳೆಯೊಬ್ಬರಿಗೆ ಚಿತ್ರಗಳನ್ನು ಅಚ್ಚು ಹಾಕಿಸಿ, ಶೀರ್ಷಿಕೆ ಇಲ್ಲದೆ ತೋರಿಸಿದೆ. ಇದು ರಾಗಿ ಹೊಲ, ಸರಿ ಇದೆಯೇ ಎಂದು ಕೇಳಿದರೆ ಸೌಜನ್ಯಕ್ಕೆ ಹೌದು ಎನ್ನುತ್ತಾರೆ. ಇದರಲ್ಲಿ ಏನು ನಡೆಯುತ್ತಿದೆ ಎಂದು ಕೇಳಬೇಕು. ಕೊಯ್ಲಿನ ಚಿತ್ರವನ್ನು ಅವರು ತುಂಬ ಹೊತ್ತು ನೋಡಿ, “ತೆನೆ ಏನೋ ರಾಗೀದೇ ಕಣಪ್ಪ. ಆದ್ರೆ ಪೈರಿನ್ನೂ ಹಸಿ ಐತಲ್ಲ, ಇಷ್ಟು ಬೇಗ ಯಾಕೆ ಕುಯ್ತಾವ್ರೆ? ಅಕ್ಕಡಿ ಸಾಲೂ ಇಲ್ಲ” ಎಂದರು. ತೆನೆಯ ಆಕಾರದ ಮೇಲೆಯೇ ನನ್ನ ಗಮನವಿದ್ದದ್ದರಿಂದ, ಕೊಯ್ಲಿನ ಹೊತ್ತಿಗೆ ಹೊಲ ಒಣಗಿ ಕಂದು ತಿರುಗಿರಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಕೋರಿಕೆಯಲ್ಲಿ ಒಣಗಿದ ಕಂದು ಬೆಳೆ ಎಂದು ಬರೆದಿದ್ದರೂ ಸ್ಥಿರ ಭಾಗದಲ್ಲಿದ್ದ ಎಲೆಹಸಿರು ದಂಟುಗಳಿಗೆ ಹರಿದುಬಿಟ್ಟಿತ್ತು. ಶೈಲಿಯನ್ನು ಹಿಡಿದಿಡಲು ಬರೆದ ಮಾತೇ ವಿಷಯವನ್ನು ಕೆಡಿಸಿದ ಉದಾಹರಣೆ ಇದು. ಆ ಒಂದು ಪುಟಕ್ಕೆ ಸ್ಥಿರ ಭಾಗದಿಂದ ಹಸಿರನ್ನು ತೆಗೆದುಹಾಕಿ, ಹುಡುಗಿಯ ಲಂಗದ ಹಸಿರನ್ನು ಮಾತ್ರ ದೃಶ್ಯದ ಭಾಗದಲ್ಲಿ ಹೇಳಿದೆ. ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿಗಳನ್ನು ಬೆಳೆಯುವ ಅಕ್ಕಡಿ ಸಾಲನ್ನು ತೆನೆ ಬಂದ ಹೊಲದ ಚಿತ್ರಕ್ಕೆ ಸೇರಿಸಿದೆ.

ಎರಡನೆಯ ಸುತ್ತು ಎಣಿಕೆಯದು. ಬೆರಳುಗಳು, ಎತ್ತಿನ ಕಾಲುಗಳು, ಬಳೆಗಳು, ಕೊಂಬುಗಳು ಎಷ್ಟು ಎಂದು ಬೆರಳಿಟ್ಟು ಎಣಿಸಿ. ಈಚಿನ ತಂತ್ರಾಂಶಗಳಲ್ಲಿ ಆರು ಬೆರಳಿನ ಕೈ ಅಪರೂಪವಾಗಿದೆ, ಅದರ ಬದಲು ಒಂದು ವಸ್ತು ಇನ್ನೊಂದನ್ನು ಮುಟ್ಟುವ ಜಾಗದಲ್ಲಿ ತಪ್ಪು ಅಡಗುತ್ತದೆ. ಕುಡುಗೋಲಿನ ಹಿಡಿ ಮುಷ್ಟಿಯ ಒಳಗೆ ಹೋಗಿ ಇನ್ನೊಂದು ಬದಿಯಿಂದ ಸರಿಯಾಗಿ ಹೊರಬರುತ್ತದೆಯೇ, ನೊಗ ಕತ್ತಿನ ಮೇಲೆ ಕೂತಿದೆಯೇ ಅಥವಾ ಗಾಳಿಯಲ್ಲಿ ತೇಲುತ್ತಿದೆಯೇ, ಮುಂದಿನ ಎತ್ತಿನ ಹಿಂದಿರುವ ಎತ್ತಿಗೆ ಕಾಲುಗಳಿವೆಯೇ ಎಂಬುದನ್ನು ಗೆರೆಯ ಜೊತೆ ಕಣ್ಣು ಓಡಿಸಿಯೇ ನೋಡಬೇಕು. ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ಕಥೆ ಮರೆತು ಗೆರೆ ಕಾಣುತ್ತದೆ. ಇದೇ ಸುತ್ತಿನಲ್ಲಿ ಹಿನ್ನೆಲೆಯ ಗೋಡೆ, ಗೋಣಿಚೀಲ, ಡಬ್ಬಿಗಳ ಮೇಲೆ ಅಕ್ಷರದಂತಹ ಗುರುತುಗಳು ಮೂಡಿವೆಯೇ ನೋಡಿ. ಕನ್ನಡದ ಒತ್ತಕ್ಷರಗಳನ್ನು ಈ ತಂತ್ರಾಂಶಗಳು ಸುಲಭವಾಗಿ ಕೆಡಿಸುತ್ತವೆ. ಅಕ್ಷರ ಕಲಿಯುತ್ತಿರುವ ಮಗುವಿನ ಮುಂದೆ ಅಕ್ಷರದಂತೆ ಕಾಣುವ ಅಕ್ಷರವಲ್ಲದ್ದನ್ನು ಇಡಬಾರದು. ಬರಹ ಬೇಕಾದ ಕಡೆ ಜಾಗವನ್ನು ಖಾಲಿ ಬಿಡಿಸಿ, ಆಮೇಲೆ ಇಂಕ್‌ಸ್ಕೇಪ್‌ ಅಥವಾ ಸ್ಕ್ರೈಬಸ್‌ನಲ್ಲಿ ಯೂನಿಕೋಡ್ ಅಕ್ಷರಗಳನ್ನು ನೀವೇ ಸೇರಿಸಿ.

ಮೂರನೆಯ ಸುತ್ತು ಸರಣಿಯದು. ಎಂಟನ್ನೂ ಒಂದೇ ಹಾಳೆಯ ಮೇಲೆ ಸಣ್ಣದಾಗಿ ಜೋಡಿಸಿ ನೋಡಬೇಕು. ಆಜ್ಞೆಗಳನ್ನು ಬರೆದು ನಡೆಸುವ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಇದ್ದರೆ ಎರಡು ಸಾಲಿನಲ್ಲಿ ಇದು ಆಗುತ್ತದೆ. ಎರಡನೆಯ ಸಾಲು ಅದೇ ಹಾಳೆಯ ಕಪ್ಪುಬಿಳುಪು ಪ್ರತಿಯನ್ನು ಕೊಡುತ್ತದೆ.

```
magick montage p0*.png -tile 4x2 -geometry 400x400+8+8 sheet.png
magick sheet.png -colorspace Gray sheet_gray.png
```

ಇದನ್ನು ಮಾಡುವಾಗ ಕಡತಕೋಶದಲ್ಲಿ ಪ್ರತಿ ಪುಟದ ಕೊನೆಯ ಪ್ರತಿ ಮಾತ್ರ ಇರಲಿ, ಇಲ್ಲವಾದರೆ ಹಳೆಯವೂ ಸೇರಿಕೊಳ್ಳುತ್ತವೆ. ಬಣ್ಣದ ಹಾಳೆಯಲ್ಲಿ ಹಳದಿಗೆ ವಾಲಿದ ಪುಟ ತಾನಾಗಿಯೇ ಬೇರೆಯಾಗಿ ನಿಲ್ಲುತ್ತದೆ. ಕಪ್ಪುಬಿಳುಪಿನಲ್ಲಿ ಯಾವ ಪುಟ ಉಳಿದವಕ್ಕಿಂತ ಗಾಢ ಅಥವಾ ತೆಳು ಎಂಬುದು ತಿಳಿಯುತ್ತದೆ, ಮೈಬಣ್ಣ ತಿಳಿಯಾಗುತ್ತಾ ಹೋಗಿದ್ದರೆ ಅದೂ ಇಲ್ಲಿಯೇ ಕಾಣುತ್ತದೆ. ಆಮೇಲೆ ಪಾತ್ರದ ಹಾಳೆಯನ್ನು ಹಿಡಿದು ಒಂದೊಂದು ಲಕ್ಷಣವನ್ನು ಎಂಟೂ ಪುಟಗಳಲ್ಲಿ ಹುಡುಕಿ: ಮೊದಲು ಎಂಟರಲ್ಲೂ ಜಡೆ, ಆಮೇಲೆ ಎಂಟರಲ್ಲೂ ಬಳೆ. ಒಂದು ಪುಟದಲ್ಲಿ ಎಲ್ಲ ಲಕ್ಷಣಗಳನ್ನು ನೋಡಿ ಮುಂದಿನದಕ್ಕೆ ಹೋಗುವುದಕ್ಕಿಂತ ಈ ಅಡ್ಡ ಓಟದಲ್ಲಿ ಹೆಚ್ಚು ತಪ್ಪು ಸಿಗುತ್ತದೆ. ನನ್ನ ಆರನೆಯ ಪುಟದಲ್ಲಿ ಹುಡುಗಿಗೆ ಚಪ್ಪಲಿ ಬಂದಿದ್ದು ಹೀಗೆಯೇ ಗೊತ್ತಾಯಿತು. ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ ಎಂಬುದನ್ನು ಬಲ್ಲ ಮನೆಗಳಲ್ಲಿ ಅದು ಬರೀ ಅಸಂಗತಿಯಾಗಿ ಉಳಿಯುತ್ತಿರಲಿಲ್ಲ.

ತಿದ್ದುವುದು

ಸಣ್ಣ ತಪ್ಪಿಗೆ ಇಡೀ ಚಿತ್ರವನ್ನು ಮತ್ತೆ ಕೇಳಬೇಡಿ. ತಪ್ಪಿರುವ ಜಾಗವನ್ನು ಮಾತ್ರ ಗುರುತು ಮಾಡಿ ಅದಷ್ಟನ್ನು ಮತ್ತೆ ಬರೆಸುವ ಸೌಲಭ್ಯಕ್ಕೆ ಇನ್‌ಪೇಂಟಿಂಗ್ ಎನ್ನುತ್ತಾರೆ. ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಇದರ ಜೊತೆ `Denoising strength` ಎಂಬ 0ಯಿಂದ 1ರವರೆಗಿನ ಅಳತೆ ಇರುತ್ತದೆ. 0.3ರ ಸುತ್ತಮುತ್ತ ಆಕಾರ ಹಾಗೆಯೇ ಉಳಿದು ಬಣ್ಣ, ಅಂಚುಗಳು ಮಾತ್ರ ಸ್ವಲ್ಪ ಬದಲಾಗುತ್ತವೆ; 0.7 ದಾಟಿದರೆ ಆ ಜಾಗದಲ್ಲಿ ಹೊಸದೇ ಬರುತ್ತದೆ. ಚಪ್ಪಲಿ ತೆಗೆದು ಪಾದ ತರಬೇಕಾದರೆ ಹೆಚ್ಚಿನ ಅಳತೆ ಬೇಕು. ತಿದ್ದಿದ ಮೇಲೆ ಅಂಚಿನಲ್ಲಿ ಗೆರೆಯ ದಪ್ಪ ಮತ್ತು ಕಾಗದದ ಮೇಲ್ಮೈ ಸುತ್ತಲಿನದರ ಜೊತೆ ಕೂಡುತ್ತದೆಯೇ ಎಂದು ಹಿಗ್ಗಿಸಿ ನೋಡಿ. ಹೆಚ್ಚುವರಿ ಬಳೆ, ಗೋಡೆಯ ಮೇಲಿನ ಹುಸಿ ಅಕ್ಷರದಂತಹವನ್ನು ಕ್ರಿಟಾ ಅಥವಾ ಗಿಂಪ್‌ನಲ್ಲಿ ಪಕ್ಕದ ಬಣ್ಣವನ್ನು ತೆಗೆದುಕೊಂಡು ಕೈಯಿಂದ ಮುಚ್ಚುವುದೇ ಬೇಗ ಆಗುವ ಕೆಲಸ. ಬಣ್ಣ ಒಟ್ಟಾರೆ ವಾಲಿದ್ದರೆ ಅಲ್ಲಿಯೇ `Curves` ಬಳಸಿ ಆಧಾರ ಚಿತ್ರಕ್ಕೆ ಹೊಂದಿಸಿ.

ಅಚ್ಚಿಗೆ ಹೋಗುವ ಮೊದಲು

ಎ5 ಹಾಳೆ 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರ. ಚಿತ್ರ ಪುಟದ ಅಂಚಿನವರೆಗೂ ಹೋಗುವುದಾದರೆ ಕತ್ತರಿಸುವಾಗ ಬಿಳಿ ಪಟ್ಟಿ ಉಳಿಯದಂತೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚಿಗೆ ಬೇಕು, ಅಂದರೆ 154 ಅಗಲ, 216 ಎತ್ತರ. ಒಂದು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಇದು ಸುಮಾರು 1819 ಮತ್ತು 2551 ಪಿಕ್ಸೆಲ್. ಅನೇಕ ತಂತ್ರಾಂಶಗಳು ಕೊಡುವ 1024 ಪಿಕ್ಸೆಲ್ ಅಗಲದ ಚಿತ್ರ ಇದೇ ಲೆಕ್ಕದಲ್ಲಿ 8.7 ಸೆಂಟಿಮೀಟರಿಗೆ ಮಾತ್ರ ಸಾಕಾಗುತ್ತದೆ. ಆದ್ದರಿಂದ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಬೇಕಾಗುತ್ತದೆ. ದೊಡ್ಡದು ಮಾಡುವ ಅಪ್‌ಸ್ಕೇಲರ್ ಕೂಡ ಇಲ್ಲದ ವಿವರವನ್ನು ತಾನೇ ಊಹಿಸಿ ತುಂಬುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ನನ್ನ ನಾಲ್ಕನೆಯ ಪುಟದಲ್ಲಿ ದೂರದ ತೆನೆಗಳಿಗೆ ಅದು ಮೀಸೆ ಹಚ್ಚಿ ಮತ್ತೆ ಗೋಧಿಯ ಹತ್ತಿರಕ್ಕೆ ತಂದಿತ್ತು. ಮೂರೂ ಸುತ್ತು ದಾಟಿ ಒಪ್ಪಿಗೆಯಾಗಿದ್ದ ಚಿತ್ರವಾದ್ದರಿಂದ ಅದನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ. ದೊಡ್ಡದು ಮಾಡಿದ ಪ್ರತಿಯ ಮೇಲೆ ವಸ್ತುವಿನ ಸುತ್ತನ್ನು ಇನ್ನೊಮ್ಮೆ ಮಾಡಿ.

ತಂತ್ರಾಂಶದ ಚಿತ್ರಗಳು ಪರದೆಯ ಬೆಳಕಿನ ಬಣ್ಣಗಳಲ್ಲಿರುತ್ತವೆ, ಅಚ್ಚು ನಾಲ್ಕು ಶಾಯಿಗಳಲ್ಲಿ ನಡೆಯುತ್ತದೆ. ಪರದೆಯ ಮೇಲೆ ಬೇರೆ ಬೇರೆಯಾಗಿ ಕಾಣುತ್ತಿದ್ದ ಮೈಬಣ್ಣ, ಮಣ್ಣು, ರಾಗಿ ಈ ಮೂರು ಕಂದುಗಳು ಮೊದಲ ಪರೀಕ್ಷಾ ಅಚ್ಚಿನಲ್ಲಿ ಒಂದಕ್ಕೊಂದು ಬೆರೆತು, ಬೀಸುವ ಕಲ್ಲಿನ ಚಿತ್ರದಲ್ಲಿ ಅಜ್ಜಿಯ ಕೈ ಎಲ್ಲಿ ಮುಗಿಯಿತು, ಹಿಟ್ಟು ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಹಿಟ್ಟನ್ನು ಒಂದು ಛಾಯೆ ತಿಳಿಗೊಳಿಸಿ, ಕೈಯ ಸುತ್ತಲಿನ ಗೆರೆಯನ್ನು ಗಾಢ ಮಾಡಿದ ಮೇಲೆ ಸರಿಹೋಯಿತು. ನಿಜವಾಗಿ ಬಳಸಲಿರುವ ಕಾಗದದ ಮೇಲೆಯೇ ಒಂದು ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಮಾತ್ರ ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಿ.